ಕೂದಲಿನ ಗಮ್ಮಿ ಕೊಳ್ಳುವ ಮುಂಚೆ ತಾರೀಖು ಲೆಕ್ಕ ಹಾಕಿ

ಕೂದಲು ಉದುರುತ್ತಿದೆ ಅಂತ ಆನ್‌ಲೈನ್‌ನಲ್ಲಿ ಬಯೋಟಿನ್ ಅನ್ನುವ ವಿಟಮಿನ್‌ನ ಗಮ್ಮಿ, ಮಾತ್ರೆ ಹುಡುಕುತ್ತಿದ್ದೀರಾ? ದಯವಿಟ್ಟು ಆರ್ಡರ್ ಮಾಡುವ ಮುಂಚೆ ಇದನ್ನು ಓದಿ. ನನಗೆ ದುಡ್ಡು ಹೋದದ್ದಕ್ಕಿಂತ ದೊಡ್ಡ ತೊಂದರೆ ಆಯಿತು. ಇಲ್ಲದ ಕಾಯಿಲೆ ಇದೆ ಅಂತ ಎರಡು ವಾರ ಹೆದರಿಕೊಂಡಿದ್ದೆ.

ಕಳೆದ ವರ್ಷ ನನಗೆ ಜೋರು ಜ್ವರ ಬಂದಿತ್ತು. ಒಂದು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಜ್ವರ ಹೋಗಿ ಎರಡೂವರೆ ತಿಂಗಳಾದ ಮೇಲೆ ಕೂದಲು ಉದುರಲು ಶುರುವಾಯಿತು. ತಲೆ ಬಾಚಿದರೆ ಬಾಚಣಿಗೆ ತುಂಬಾ ಕೂದಲು, ಸ್ನಾನ ಮಾಡಿದರೆ ನೀರು ಹೋಗುವ ಜಾಲರಿ ಮೇಲೆ ಒಂದು ಉಂಡೆ. ಬೈತಲೆ ದಿನದಿಂದ ದಿನಕ್ಕೆ ಅಗಲವಾಗುತ್ತಿತ್ತು. ಆಗಲೇ ಒಬ್ಬ ಇನ್‌ಫ್ಲುಯೆನ್ಸರ್ ವಿಡಿಯೋ ಕಣ್ಣಿಗೆ ಬಿತ್ತು. "ಮೂರು ತಿಂಗಳಿಂದ ಇದೊಂದೇ ತಗೊಳ್ತಿದ್ದೀನಿ" ಅಂತ ಗಮ್ಮಿಯ ಬಾಟಲಿ ತೋರಿಸಿದರು. ಕೆಳಗೆ ರಿಯಾಯಿತಿ ಕೋಡ್ ಇತ್ತು. ಸಾವಿರಾರು ರಿವ್ಯೂ, ನಾಲ್ಕೂವರೆ ಸ್ಟಾರ್. ಮೂರು ತಿಂಗಳ ಕೋರ್ಸ್ ಅಂತ ಮೂರು ಬಾಟಲಿ ಒಟ್ಟಿಗೆ ತರಿಸಿದೆ.

ಎರಡು ತಿಂಗಳಲ್ಲಿ ಕೂದಲು ಉದುರುವುದು ಕಡಿಮೆಯಾಯಿತು. ಬೈತಲೆ ಹತ್ತಿರ ಸಣ್ಣ ಸಣ್ಣ ಹೊಸ ಕೂದಲು ನೆಟ್ಟಗೆ ನಿಂತಿದ್ದವು. ಎಷ್ಟು ಖುಷಿಯಾಯಿತು ಅಂದರೆ ನಾನೇ ಐದು ಸ್ಟಾರ್ ಕೊಟ್ಟು, ಮೊದಲಿನ ಫೋಟೋ, ಆಮೇಲಿನ ಫೋಟೋ ಎರಡನ್ನೂ ಹಾಕಿದೆ. "ಜ್ವರ ಬಂದ ಮೇಲೆ ತುಂಬಾ ಕೂದಲು ಉದುರುತ್ತಿತ್ತು, ಇದನ್ನು ತಗೊಂಡು ಎಂಟು ವಾರದಲ್ಲಿ ಹೊಸ ಕೂದಲು ಬಂತು" ಅಂತ ಬರೆದೆ. ಬಾಟಲಿಯ ಜೊತೆ ಒಂದು ಚೀಟಿಯೂ ಬಂದಿತ್ತು. ಐದು ಸ್ಟಾರ್ ರಿವ್ಯೂ ಹಾಕಿ ಸ್ಕ್ರೀನ್‌ಶಾಟ್ ಕಳಿಸಿದರೆ ಇನ್ನೊಂದು ಬಾಟಲಿ ಉಚಿತ ಅಂತ. ನಾನು ಕಳಿಸಲಿಲ್ಲ. ಆದರೆ ಎಷ್ಟು ಜನ ಕಳಿಸಿರಬಹುದು, ಯೋಚನೆ ಮಾಡಿ.

ಮೂರನೇ ಬಾಟಲಿ ನಡೆಯುತ್ತಿದ್ದಾಗ ಮಾಮೂಲಿ ರಕ್ತ ಪರೀಕ್ಷೆ ಮಾಡಿಸಿದೆ. ಟಿಎಸ್‌ಎಚ್ ತೀರಾ ಕಡಿಮೆ, ಟಿ4 ಜಾಸ್ತಿ ಅಂತ ಬಂತು. ಅಂದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಅನ್ನುವ ಲಕ್ಷಣ. ಡಾಕ್ಟರ್ ಬಳಿ ಹೋಗುವವರೆಗೆ ನಿದ್ದೆ ಸರಿಯಾಗಿ ಬರಲಿಲ್ಲ. ಅವರು ಕೇಳಿದ ಮೊದಲ ಪ್ರಶ್ನೆ: "ಕೂದಲಿಗೆ, ಉಗುರಿಗೆ ಅಂತ ಏನಾದರೂ ತಗೊಳ್ತಿದ್ದೀರಾ?"

ಬಾಟಲಿ ತೋರಿಸಿದೆ. ದಿನಕ್ಕೆ 10,000 ಮೈಕ್ರೋಗ್ರಾಂ ಬಯೋಟಿನ್ ಅಂತ ಬರೆದಿತ್ತು. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಸುಮಾರು 30 ಮೈಕ್ರೋಗ್ರಾಂ. ಮುನ್ನೂರು ಪಟ್ಟಿಗಿಂತ ಜಾಸ್ತಿ! ಹಲವು ಲ್ಯಾಬ್ ಪರೀಕ್ಷೆಗಳಲ್ಲಿ ಬಯೋಟಿನ್ ಅನ್ನೇ ಅಂಟಿನ ಹಾಗೆ ಬಳಸುತ್ತಾರಂತೆ. ರಕ್ತದಲ್ಲೇ ಅದು ತುಂಬಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ. ಗಮ್ಮಿ ನಿಲ್ಲಿಸಿ, ಒಂದು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟೆ. ಎಲ್ಲ ಸರಿಯಾಗಿತ್ತು. ಈ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಕೆ ಕೊಟ್ಟಿದೆ. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆ ಬಯೋಟಿನ್‌ನಿಂದ ತಪ್ಪಾಗಿ ಕಡಿಮೆ ತೋರಿಸಿ, ಆಮೇಲೆ ಒಬ್ಬರು ತೀರಿಕೊಂಡ ವಿಷಯವೂ ಅದರಲ್ಲಿದೆ. ಸಾವಿರಾರು ರಿವ್ಯೂಗಳಲ್ಲಿ ನಾನು ಓದಿದ ಒಂದರಲ್ಲೂ ಈ ಮಾತಿರಲಿಲ್ಲ.

ಹಾಗಾದರೆ ನನ್ನ ಹೊಸ ಕೂದಲು? ಡಾಕ್ಟರ್ ಹೇಳಿದ್ದು ಕೇಳಿ. ಜೋರು ಜ್ವರ, ಹೆರಿಗೆ, ಆಪರೇಷನ್ ಆದ ಮೇಲೆ ತುಂಬಾ ಕೂದಲು ಒಟ್ಟಿಗೆ ಬೆಳೆಯುವುದನ್ನು ನಿಲ್ಲಿಸುತ್ತದೆ. ಅದು ಉದುರುವುದು ಎರಡು ಮೂರು ತಿಂಗಳಾದ ಮೇಲೆ. ಹಳೆಯದು ಬೀಳುತ್ತಿದ್ದ ಹಾಗೆ ಅದೇ ಜಾಗದಲ್ಲಿ ಹೊಸದು ಬರುತ್ತಿರುತ್ತದೆ, ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಲ್ಲುತ್ತದೆ. ಏನೂ ತಗೊಳ್ಳದಿದ್ದರೂ ಅಷ್ಟೇ. ಕೂದಲು ಜಾಸ್ತಿ ಉದುರುತ್ತಿರುವಾಗಲೇ ನಾವು ಹೆದರಿ ಬಾಟಲಿ ತರಿಸುತ್ತೇವೆ, ಅದು ತಾನಾಗಿ ಕಡಿಮೆಯಾಗುವ ಹೊತ್ತಿಗೆ ಬಾಟಲಿ ಮುಗಿದಿರುತ್ತದೆ. ಅಂದರೆ ನಾನು ಬರೆದ ರಿವ್ಯೂನಲ್ಲಿ ಒಂದು ಸುಳ್ಳೂ ಇರಲಿಲ್ಲ, ಆದರೂ ಅದು ಓದಿದವರನ್ನು ತಪ್ಪು ದಾರಿಗೆ ಎಳೆಯುತ್ತಿತ್ತು. ನಿಜವಾದ ಗ್ರಾಹಕರ ರಿವ್ಯೂ ಅಂದರೂ ಇಷ್ಟೇ.

ಮನೆಗೆ ಬಂದು ಆ ಪುಟವನ್ನು ಮತ್ತೆ ಮೊದಲಿನಿಂದ ನೋಡಿದೆ. ಈ ಸಲ ಸ್ಟಾರ್ ಬಿಟ್ಟು ತಾರೀಖು ನೋಡಿದೆ. ತಲೆಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಇದೊಂದು ಅಳತೆ ನೆನಪಿಟ್ಟುಕೊಂಡರೆ ಎಷ್ಟೋ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. "30 ದಿನದ ಫಲಿತಾಂಶ" ಅಂತ ಹಾಕಿದ್ದ ಫೋಟೋದಲ್ಲಿ ಭುಜದವರೆಗಿದ್ದ ಕೂದಲು ಒಂದು ಗೇಣು ಕೆಳಗೆ ಇಳಿದಿತ್ತು. ಅಷ್ಟು ಬೆಳೆಯಲು ಒಂದೂವರೆ ವರ್ಷವಾದರೂ ಬೇಕು. "ನಾಲ್ಕೇ ದಿನದಲ್ಲಿ ದಟ್ಟವಾಯಿತು" ಅನ್ನುವ ರಿವ್ಯೂಗಳಂತೂ ಒಂದೇ ವಾರದಲ್ಲಿ ರಾಶಿ ಬಿದ್ದಿದ್ದವು.

ಇನ್ನೊಂದು ಫೋಟೋ ಜೋಡಿ ನನಗೆ ಮರೆಯುವುದಿಲ್ಲ. ಒಬ್ಬರು ಬೆರಳಿನಿಂದ ಬೈತಲೆ ಬಿಡಿಸಿ ತೋರಿಸಿದ್ದರು. ಎರಡರ ನಡುವೆ 90 ದಿನ ಅಂತ ಬರೆದಿತ್ತು. ಮೊದಲನೆಯದರಲ್ಲಿ ಕೂದಲು ಒದ್ದೆ, ಬೆಳಕು ನೇರ ನೆತ್ತಿಯ ಮೇಲೆ. ಎರಡನೆಯದರಲ್ಲಿ ಒಣಗಿಸಿ ಉಬ್ಬಿಸಿದ ಕೂದಲು, ಬೆಳಕು ಎದುರಿನಿಂದ. ಇಷ್ಟರಿಂದಲೇ ನೆತ್ತಿ ತುಂಬಿದ ಹಾಗೆ ಕಾಣುತ್ತದೆ. ಬೇಕಾದರೆ ಈಗಲೇ ಕನ್ನಡಿ ಮುಂದೆ ಮಾಡಿ ನೋಡಿ. ಆಮೇಲೆ ಫೋಟೋ ದೊಡ್ಡದು ಮಾಡಿ ಹೆಬ್ಬೆರಳು ನೋಡಿದೆ. ಉಗುರಿನ ಕೆಂಪು ಬಣ್ಣ ಎರಡರಲ್ಲೂ ಒಂದೇ ಮೂಲೆಯಲ್ಲಿ, ಒಂದೇ ಆಕಾರದಲ್ಲಿ ಕಿತ್ತಿತ್ತು. ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ. 90 ದಿನದಲ್ಲಿ ಆ ಬಣ್ಣ ಹೆಚ್ಚುಕಡಿಮೆ ತುದಿಗೆ ಹೋಗಿರಬೇಕಿತ್ತು, ಅಲ್ವಾ? ಎರಡೂ ಫೋಟೋ ಒಂದೇ ದಿನದ್ದು.

ರಿವ್ಯೂಗಳನ್ನು ಹಳೆಯದರ ಕಡೆಗೆ ಸರಿಸುತ್ತಾ ಹೋದರೆ ಇನ್ನೊಂದು ಆಶ್ಚರ್ಯ. "ಹಲ್ಲು ಗಟ್ಟಿಯಾಗಿದೆ, ಹಿಡಿ ಚೆನ್ನಾಗಿದೆ" ಅಂತ ಬಾಚಣಿಗೆಯ ರಿವ್ಯೂಗಳು! ಹಳೆಯ ಸಾಮಾನಿನ ಸ್ಟಾರ್‌ಗಳನ್ನು ಹೊಸ ಗಮ್ಮಿಗೆ ಅಂಟಿಸಿದ್ದರು. ಅಮೆರಿಕದಲ್ಲಿ 2023ರಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಒಂದು ಸಪ್ಲಿಮೆಂಟ್ ಕಂಪನಿಯ ಮೇಲೆ ಇಂಥದ್ದೇ ಕಾರಣಕ್ಕೆ ಕ್ರಮ ತೆಗೆದುಕೊಂಡಿತ್ತು. ಹಾಗಾಗಿ ಒಟ್ಟು ಸ್ಟಾರ್ ಎಷ್ಟು ಅಂತ ನೋಡಿ ನಂಬಬೇಡಿ. ಮೂರು ಸ್ಟಾರ್ ಕೊಟ್ಟವರದ್ದು ಓದಿ, ಎಷ್ಟು ದಿನ ತಗೊಂಡರು, ಮುಂಚೆ ಏನಾಗಿತ್ತು ಅಂತ ಅವರೇ ಜಾಸ್ತಿ ಬರೆದಿರುತ್ತಾರೆ.

ಆ ಇನ್‌ಫ್ಲುಯೆನ್ಸರ್ ಪುಟದಲ್ಲೂ ಹಿಂದೆ ಹಿಂದೆ ಹೋದೆ. "ಮೂರು ತಿಂಗಳಿಂದ ಇದೊಂದೇ" ಅಂದಿದ್ದರಲ್ಲ, ಅದಕ್ಕೆ ಬರೀ ಆರು ವಾರ ಮುಂಚೆ ಇನ್ನೊಂದು ಕೂದಲಿನ ಪುಡಿಗೂ ಅದೇ ಮಾತು ಹೇಳಿದ್ದರು. ಅಲ್ಲೂ ಒಂದು ಕೋಡ್. ಆ ಕೋಡ್ ಬಳಸಿ ನಾವು ಕೊಂಡರೆ ಸಾಮಾನ್ಯವಾಗಿ ಅವರಿಗೆ ಪಾಲು ಹೋಗುತ್ತದೆ. ಜಾಹೀರಾತು ಅನ್ನುವ ಪದವೂ ಇತ್ತು, ಆದರೆ ವಿವರಣೆಯನ್ನು ಪೂರ್ತಿ ತೆರೆದರೆ ಮಾತ್ರ ಕಾಣುವ ಹಾಗೆ, ಕೊನೆಯ ಸಾಲಿನಲ್ಲಿ.

ಕೂದಲು ಉದುರುವುದಕ್ಕೆ ಕಬ್ಬಿಣದ ಅಂಶ ಕಡಿಮೆ ಇರುವುದು, ನಿಜವಾದ ಥೈರಾಯ್ಡ್ ತೊಂದರೆ, ಇನ್ನೂ ಬೇರೆ ಕಾರಣಗಳಿರಬಹುದು. ಮೊದಲು ತೋರಿಸಿಕೊಳ್ಳಿ. ಈಗಾಗಲೇ ಬಯೋಟಿನ್ ತಗೊಳ್ಳುತ್ತಿದ್ದರೆ, ರಕ್ತ ಕೊಡುವ ಮುಂಚೆ ಡಾಕ್ಟರ್‌ಗೆ, ಲ್ಯಾಬಿನವರಿಗೆ ಹೇಳಿ. ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ.

ನನ್ನ ರಿವ್ಯೂ ಅಳಿಸಿದ್ದೇನೆ. ಆದರೆ ಹೋದ ತಿಂಗಳು ಅದೇ ಗಮ್ಮಿಯ ಜಾಹೀರಾತು ಬಂತು, ಅದರಲ್ಲಿ ನನ್ನದೇ ಬೈತಲೆಯ ಎರಡು ಫೋಟೋ. ಕೆಳಗೆ ನನ್ನದೇ ಮಾತು: "ತುಂಬಾ ಕೂದಲು ಉದುರುತ್ತಿತ್ತು, ಇದನ್ನು ತಗೊಂಡು ಎಂಟು ವಾರದಲ್ಲಿ ಹೊಸ ಕೂದಲು ಬಂತು". "ಜ್ವರ ಬಂದ ಮೇಲೆ" ಅನ್ನುವಷ್ಟನ್ನು ಮಾತ್ರ ಕತ್ತರಿಸಿದ್ದಾರೆ. ತೆಗೆಯಿರಿ ಅಂತ ಮೂರು ಸಲ ಬರೆದೆ, ಇನ್ನೂ ಉತ್ತರ ಬಂದಿಲ್ಲ. ನಿಮಗೆ ಆ ಫೋಟೋ ಕಂಡರೆ, ಆ ಕೂದಲು ತಾನಾಗೇ ಬಂದದ್ದು.