ಸ್ಕ್ಯಾನ್ ಬಿಲ್‌ನಿಂದ ಟ್ಯಾಲಿ ಎಂಟ್ರಿ: ಕೈಯಲ್ಲಿ ಟೈಪ್, ರೆಡಿ ಆ್ಯಪ್, ಇಲ್ಲಾ ಎಕ್ಸೆಲ್?

ನನ್ನ ವೋಟು ಎಕ್ಸೆಲ್‌ಗೆ. ಮೂರನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿದ್ದೇನೆ. ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದೆವು, ಅವಧಿ ಮುಗಿದ ಮೇಲೆ ಮತ್ತೆ ಕಟ್ಟಲಿಲ್ಲ. ಅದು ಬಿಲ್ ಓದುವುದರಲ್ಲಿ ಹಿಂದೆ ಬೀಳಲಿಲ್ಲ. ಓದಿದ್ದನ್ನು ಯಾವ ಖಾತೆಗೆ ಹಾಕಬೇಕು ಅನ್ನುವಲ್ಲಿ ಎಡವಿತು.

ಕೈಯಲ್ಲಿ ಟೈಪ್ ಮಾಡುವುದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ತಿಂಗಳಿಗೆ ಮೂವತ್ತು ನಲವತ್ತು ಬಿಲ್ ಇರುವ ಪಾರ್ಟಿಗೆ ಇವತ್ತಿಗೂ ಅದೇ ಒಳ್ಳೆಯದು. ಬಿಲ್ ನೋಡುವ ಕಣ್ಣೇ ಖಾತೆಯನ್ನೂ ಆರಿಸುತ್ತದೆ. ಬಿಲ್ ನೂರು ದಾಟಿದರೆ ಮಾತ್ರ ಕಣ್ಣು ಸೋಲುತ್ತದೆ, ಬಿಲ್ ನಂಬರ್ ತಪ್ಪಾಗತೊಡಗುತ್ತದೆ.

ಆ್ಯಪ್‌ನ ತೊಂದರೆ ಗೊತ್ತಾಗಲು ಒಂದೇ ಬಿಲ್ ಸಾಕು. ನಮ್ಮ ಪಾರ್ಟಿಯೊಬ್ಬರದು ಪೈಪ್ ಫಿಟ್ಟಿಂಗ್ಸ್ ವ್ಯಾಪಾರ. ಅವರಿಗೆ ಕಂಪ್ಯೂಟರ್ ಅಂಗಡಿಯಿಂದ ಒಂದು ಬಿಲ್ ಬಂತು. ಲ್ಯಾಪ್‌ಟಾಪ್ 52,000, ಟೋನರ್ 3,000, ಆಫೀಸಿನ ಕಂಪ್ಯೂಟರ್‌ಗಳ ಒಂದು ವರ್ಷದ ಎಎಂಸಿ 40,000. ಎಲ್ಲದಕ್ಕೂ ಶೇ 18 ಜಿಎಸ್‌ಟಿ. ಒಟ್ಟು 1,12,100. ಆ್ಯಪ್ ಒಂದು ಅಂಕಿಯನ್ನೂ ತಪ್ಪು ಓದಲಿಲ್ಲ. 95,000 ಪೂರ್ತಿ ಪರ್ಚೇಸ್ ಖಾತೆಗೆ ಡೆಬಿಟ್, ತೆರಿಗೆ 17,100 ಡೆಬಿಟ್, ಅಂಗಡಿಗೆ 1,12,100 ಕ್ರೆಡಿಟ್. ಎರಡೂ ಕಡೆ ಸಮ, ಪಕ್ಕದಲ್ಲಿ ಹಸಿರು ಟಿಕ್.

ಆಗಬೇಕಿದ್ದ ಎಂಟ್ರಿ ಇದು:

```
ಕಂಪ್ಯೂಟರ್ (ಸ್ಥಿರ ಆಸ್ತಿ)         Dr  52,000
ಪ್ರಿಂಟಿಂಗ್, ಸ್ಟೇಷನರಿ            Dr   3,000
ರಿಪೇರಿ, ನಿರ್ವಹಣೆ               Dr  40,000
ಇನ್‌ಪುಟ್ ಸಿಜಿಎಸ್‌ಟಿ             Dr   8,550
ಇನ್‌ಪುಟ್ ಎಸ್‌ಜಿಎಸ್‌ಟಿ           Dr   8,550
   ಕಂಪ್ಯೂಟರ್ ಅಂಗಡಿ             Cr  1,11,300
   ಟಿಡಿಎಸ್ ಪಾವತಿ ಬಾಕಿ           Cr      800
```

ಆ 800 ಬಿಲ್‌ನಲ್ಲಿ ಎಲ್ಲೂ ಇರುವುದಿಲ್ಲ. ಎಎಂಸಿ ಅಂದರೆ ಗುತ್ತಿಗೆ ಕೆಲಸ. ನಾವೆಲ್ಲ 194ಸಿ ಅಂತ ಕರೆಯುತ್ತಾ ಬಂದಿರುವ ಟಿಡಿಎಸ್ ಅದಕ್ಕೆ ಬೀಳುತ್ತದೆ, ಯಾಕೆಂದರೆ ಒಂದೇ ಬಿಲ್‌ನಲ್ಲಿ ಮೊತ್ತ 30,000 ದಾಟಿದೆ. ದರ ಎಷ್ಟು ಅನ್ನುವುದು ಅಂಗಡಿಯ ಪ್ಯಾನ್‌ನ ನಾಲ್ಕನೇ ಅಕ್ಷರದಲ್ಲಿದೆ. P ಅಥವಾ H ಇದ್ದರೆ ಶೇ 1, ಉಳಿದವರಿಗೆ ಶೇ 2. ಇವರದು F, ಅಂದರೆ ಪಾಲುದಾರಿಕೆ ಸಂಸ್ಥೆ. ಜಿಎಸ್‌ಟಿಯನ್ನು ಬಿಲ್‌ನಲ್ಲಿ ಬೇರೆ ತೋರಿಸಿರುವುದರಿಂದ ಲೆಕ್ಕ 40,000ದ ಮೇಲೆ ಮಾತ್ರ.

ಆ್ಯಪ್ ಯಾಕೆ ಹೀಗೆ ಮಾಡಿತು? ಅದರ ನೆನಪು ಇರುವುದು ಪಾರ್ಟಿ ಹೆಸರಿನ ಮೇಲೆ. ಈ ಅಂಗಡಿಯ ಮೊದಲ ಬಿಲ್‌ಗೆ ಯಾವ ಲೆಡ್ಜರ್ ಆರಿಸಿದ್ದೆವೋ ಮುಂದಿನ ಎಲ್ಲಾ ಬಿಲ್‌ಗೂ ಅದೇ. ಸಾಲುಗಳನ್ನು ಬೇರೆ ಬೇರೆಯಾಗಿ ಓದುತ್ತದೆ, ಆದರೆ ಎಂಟ್ರಿ ಹಾಕುವಾಗ ಎಲ್ಲವನ್ನೂ ಕೂಡಿಸಿಬಿಡುತ್ತದೆ. ಕೈಯಲ್ಲಿ ತಿದ್ದಿ ಲ್ಯಾಪ್‌ಟಾಪನ್ನು ಆಸ್ತಿ ಖಾತೆಗೆ ಹಾಕಿದೆವು ಅನ್ನಿ. ಮುಂದಿನ ತಿಂಗಳು ಬಂದ ಟೋನರ್ ಕೂಡ ಆಸ್ತಿ ಖಾತೆಗೇ ಹೋಗಿ ಕೂತಿತ್ತು.

ಇಂಥ ತಪ್ಪಿನಲ್ಲಿ ನನಗೆ ಜಾಸ್ತಿ ಕಳವಳ ತರುವ ವಿಷಯ ಅಂದರೆ ಟ್ರಯಲ್ ಬ್ಯಾಲೆನ್ಸ್ ಇದನ್ನು ಯಾವತ್ತೂ ಹಿಡಿಯುವುದಿಲ್ಲ. ಖಾತೆ ತಪ್ಪಿದರೂ ಮೊತ್ತ ಸರಿಯೇ ಇರುತ್ತದಲ್ವಾ. ನಮಗೆ ಸುಳಿವು ಸಿಕ್ಕಿದ್ದು ಗ್ರಾಸ್ ಪ್ರಾಫಿಟ್‌ನಲ್ಲಿ. ಪೈಪ್ ವ್ಯಾಪಾರದಲ್ಲಿ ಮಾರ್ಜಿನ್ ಹೆಚ್ಚು ಏರಿಳಿಯುವುದಿಲ್ಲ, ಆ ತಿಂಗಳು ಮಾತ್ರ ಇಳಿದಿತ್ತು. ಪರ್ಚೇಸ್ ಲೆಡ್ಜರ್ ತೆಗೆದು ನೋಡಿದರೆ ಪೈಪ್ ಕಂಪನಿಗಳ ನಡುವೆ ಕಂಪ್ಯೂಟರ್ ಅಂಗಡಿ. ಅದು ಹಾಗೇ ಉಳಿದಿದ್ದರೆ ಲ್ಯಾಪ್‌ಟಾಪ್ ಪೂರ್ತಿ ಒಂದೇ ವರ್ಷದ ಖರ್ಚಾಗಿ ಲಾಭವನ್ನು ತಿನ್ನುತ್ತಿತ್ತು. ಟಿಡಿಎಸ್ ಹಿಡಿಯದ ಎಎಂಸಿಯಲ್ಲಿ ಶೇ 30, ಅಂದರೆ 12,000 ರೂಪಾಯಿ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಒಪ್ಪುತ್ತಿರಲಿಲ್ಲ.

ಈಗ ಎಕ್ಸೆಲ್ ದಾರಿ. ಬಿಲ್‌ನ ಚಿತ್ರವನ್ನು `Data > From Picture` ಮೂಲಕ ಶೀಟ್‌ಗೆ ತರುತ್ತೇನೆ. ಒಂದು ಬಿಲ್ ಸಾಲಿಗೆ ಶೀಟ್‌ನಲ್ಲಿ ಒಂದು ಸಾಲು. ಜಿಎಸ್‌ಟಿ ನಂಬರ್ B ಕಾಲಂನಲ್ಲಿ, ಎಚ್‌ಎಸ್‌ಎನ್ ಕೋಡ್ F ಕಾಲಂನಲ್ಲಿ. ಲೆಡ್ಜರ್ ಆರಿಸುವುದು ಈ ಎರಡೂ ಸೇರಿ:

```
=XLOOKUP(B2&"|"&LEFT(F2,4), Map!A:A, Map!B:B, "CHECK")
```

`Map` ಶೀಟ್ ನಾನೇ ಬರೆದದ್ದು. ಇದೇ ಅಂಗಡಿಯ 8471 ಬಂದರೆ ಕಂಪ್ಯೂಟರ್ ಆಸ್ತಿ, 9987 ಬಂದರೆ ರಿಪೇರಿ ಮತ್ತು ನಿರ್ವಹಣೆ. ಪಟ್ಟಿಯಲ್ಲಿ ಇಲ್ಲದ ಜೋಡಿ ಬಂದರೆ `CHECK` ಅಂತ ಬರುತ್ತದೆ. ಟ್ಯಾಲಿಯಲ್ಲಿ ಆ ಹೆಸರಿನ ಲೆಡ್ಜರ್ ಇಲ್ಲ, ಹಾಗಾಗಿ ನಾನು ಮರೆತರೂ ಆ ಎಂಟ್ರಿ ಒಳಗೆ ಹೋಗುವುದಿಲ್ಲ. ಗೊತ್ತಿಲ್ಲದಿದ್ದರೆ ಸುಮ್ನೆ ಊಹಿಸದೆ ನಿಂತುಬಿಡುವ ಈ ಗುಣವೇ ನನಗೆ ಬೇಕಿತ್ತು.

ಕೋಡ್ ಒಂದನ್ನೇ ನಂಬುವ ಹಾಗೂ ಇಲ್ಲ. ಟೋನರ್ 8443, ಪ್ರಿಂಟರ್ ಕೂಡ 8443. ಒಂದು ಖರ್ಚು, ಇನ್ನೊಂದು ಆಸ್ತಿ. ಅದಕ್ಕೆ 8443ರ ಸಾಲು 5,000 ದಾಟಿದರೆ ಅದನ್ನೂ `CHECK`ಗೆ ಕಳಿಸುತ್ತೇನೆ. ಈ ಮಿತಿ ಕಾನೂನಿನದಲ್ಲ, ನಮ್ಮ ಆಫೀಸಿನದು.

ಅಕ್ಷರ ತಪ್ಪು ಓದುವ ಕಾಟ ಎಕ್ಸೆಲ್‌ನಲ್ಲೂ ಇದೆ, ಆ್ಯಪ್‌ಗಿಂತ ತುಸು ಜಾಸ್ತಿಯೇ. ಸೊನ್ನೆ O ಆಗುತ್ತದೆ, 8 B ಆಗುತ್ತದೆ. ಆದರೆ ಜಿಎಸ್‌ಟಿ ನಂಬರ್‌ನಲ್ಲಿ ಯಾವ ಜಾಗದಲ್ಲಿ ಏನಿರಬೇಕು ಅನ್ನುವುದು ನಿಗದಿ. ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಆಮೇಲೆ ಹತ್ತು ಪ್ಯಾನ್, ಅದರಲ್ಲಿ ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ಅಂಕಿಯ ಜಾಗದಲ್ಲಿ O ಕಂಡರೆ ಅದು ಸೊನ್ನೆ ಅಂತ ಶೀಟೇ ತಿದ್ದುತ್ತದೆ. ಮೊತ್ತಕ್ಕೆ ಗುಣಾಕಾರವೇ ಕಾವಲು: ತೆರಿಗೆ ಪೂರ್ವ ಮೊತ್ತ ಮತ್ತು ದರದಿಂದ ಬಂದ ಲೆಕ್ಕ ಬಿಲ್‌ನ ಒಟ್ಟು ಮೊತ್ತಕ್ಕೆ ಒಂದು ರೂಪಾಯಿಗಿಂತ ಹೆಚ್ಚು ಬೇರೆ ಬಂದರೆ ಸಾಲು ಕೆಂಪಾಗುತ್ತದೆ. ಬಿಲ್ ನಂಬರ್‌ಗೆ ಇಂಥ ಕಾವಲಿಲ್ಲ. ಅದನ್ನು ಮುಂದಿನ ತಿಂಗಳ 14ಕ್ಕೆ ಬರುವ ಜಿಎಸ್‌ಟಿಆರ್-2ಬಿ ಜೊತೆ ತಾಳೆ ಹಾಕುವಾಗಲೇ ಹಿಡಿಯಬೇಕು.

ಇ-ಇನ್‌ವಾಯ್ಸ್‌ನ ಕ್ಯೂಆರ್ ಕೋಡ್ ಇದ್ದರೆ ಬಿಲ್ ನಂಬರ್, ತಾರೀಖು, ಒಟ್ಟು ಮೊತ್ತ ತಪ್ಪಿಲ್ಲದೆ ಅದರಿಂದಲೇ ಸಿಗುತ್ತದೆ. ಆದರೆ ಅದರಲ್ಲಿ ಮುಖ್ಯ ಐಟಂನ ಎಚ್‌ಎಸ್‌ಎನ್ ಒಂದೇ ಇರುತ್ತದೆ, ಮೇಲಿನಂಥ ಬಿಲ್‌ಗೆ ಅದು ಸಾಲದು.

ರೌಂಡ್ ಆಫ್ ಮೂರರಲ್ಲೂ ಸರಿಯಾಗುತ್ತದೆ. ಕ್ರೆಡಿಟ್ ನೋಟನ್ನು ಆ್ಯಪ್ ಬಿಲ್ ಅಂತಲೇ ಹಾಕಿತು. ಎಕ್ಸೆಲ್‌ಗೆ ತರುವ ಮೊದಲು ಅದನ್ನು ನಾನೇ ಬೇರೆ ತೆಗೆದಿಡುತ್ತೇನೆ.

ಟ್ಯಾಲಿಪ್ರೈಮ್ 4.0 ಬಂದ ಮೇಲೆ ಎಕ್ಸೆಲ್ ಶೀಟ್ ನೇರ ಇಂಪೋರ್ಟ್ ಆಗುತ್ತದೆ, ಬೇರೆ ಖರ್ಚಿಲ್ಲ. ನಾನು ದಿನವಿಡೀ ಎಕ್ಸೆಲ್ ತೆರೆದಿಟ್ಟೇ ಕೆಲಸ ಮಾಡುವವಳು, ನಮ್ಮ ಪಾರ್ಟಿಗಳು ತಿಂಗಳ ಫೀ ಕೊಡುವುದಕ್ಕೇ ಚೌಕಾಸಿ ಮಾಡುವವರು. ಹಾಗಾಗಿ ನನಗೆ ಇದೇ ಸರಿ. `Map` ಶೀಟ್ ತುಂಬಲು ಮೊದಲ ತಿಂಗಳು ಬೇಜಾರಾಗುವಷ್ಟು ಕೆಲಸ ಇರುತ್ತದೆ, ಆಮೇಲೆ ಹೊಸ ಪಾರ್ಟಿ ಬಂದಾಗ ಮಾತ್ರ. ನಿಮ್ಮದು ಬರೀ ಸ್ಟಾಕ್ ಕೊಳ್ಳುವ ಡಿಸ್ಟ್ರಿಬ್ಯೂಟರ್ ಲೆಕ್ಕ, ಒಬ್ಬ ಪಾರ್ಟಿಗೆ ಒಂದೇ ಲೆಡ್ಜರ್ ಅಂತಾದರೆ ಆ್ಯಪ್ ಧಾರಾಳವಾಗಿ ತಗೊಳ್ಳಿ, ಸಮಯ ಉಳಿಯುತ್ತದೆ. ಕಾರ್ಬನ್ ಕಾಪಿಯಲ್ಲಿ ಕೈಬರಹದ ಬಿಲ್ ಬಂದರೆ ಮಾತ್ರ ಎರಡನ್ನೂ ಬಿಟ್ಟು ಟೈಪ್ ಮಾಡಿ.