ಗೇರ್ ಇಲ್ಲದ ಗಾಡಿಗೂ ಗೇರ್ ಆಯಿಲ್ ಇದೆ: ನನ್ನ ಸ್ಕೂಟರ್ ಹಿಂದಿನ ಚಕ್ರ ಹಿಡಿದುಕೊಂಡ ಕಥೆ

ಮೊದಲೇ ಹೇಳಿಬಿಡ್ತೀನಿ. ನಿಮ್ಮ ಸ್ಕೂಟರ್‌ನ ಗೇರ್ ಆಯಿಲ್ ಕೊನೆಯ ಸಲ ಯಾವಾಗ ಬದಲಾಯಿಸಿದ್ದು ಅಂತ ನೆನಪಿಲ್ಲ ಅಂದ್ರೆ, ಈ ವಾರವೇ ಬದಲಾಯಿಸಿ.

ನನ್ನದು 110 ಸಿಸಿ ಸ್ಕೂಟರ್, ಆರು ವರ್ಷದ್ದು, 34,000 ಕಿ.ಮೀ. ಓಡಿತ್ತು. ಎಂಜಿನ್ ಆಯಿಲ್ ಪ್ರತಿ ಮೂರು ಸಾವಿರಕ್ಕೆ ತಪ್ಪದೆ ಹಾಕಿಸುತ್ತಿದ್ದೆ. ಇನ್ನೊಂದು ಆಯಿಲ್ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಗೇರೇ ಇಲ್ಲದ ಗಾಡಿ ಅಂತ ತಾನೇ ಎಲ್ಲರೂ ಹೇಳೋದು? ಆದರೆ ನಾವು ಕಾಲಲ್ಲಿ ಹಾಕುವ ಗೇರ್ ಮಾತ್ರ ಇಲ್ಲ. ಬೆಲ್ಟ್ ಮತ್ತು ಕ್ಲಚ್ ದಾಟಿ ಬರುವ ವೇಗದ ತಿರುಗಾಟವನ್ನು ಇಳಿಸಿ ಚಕ್ರಕ್ಕೆ ಕೊಡಲು, ಹಿಂದಿನ ಚಕ್ರದ ಎಡಕ್ಕೆ ಒಂದು ಸಣ್ಣ ಪೆಟ್ಟಿಗೆಯಲ್ಲಿ ಹಲ್ಲಿನ ಚಕ್ರಗಳು ಕೂತಿರುತ್ತವೆ. ಅದರೊಳಗೆ ಇರೋದು 100-120 ಮಿ.ಲೀ. ಆಯಿಲ್, ಅಂದರೆ ಅರ್ಧ ಲೋಟ ಕಾಫಿಯಷ್ಟು. ಫಿಲ್ಟರ್ ಇಲ್ಲ, ಪಂಪ್ ಇಲ್ಲ. ಸಾಮಾನ್ಯವಾಗಿ ಅಳತೆ ಕಡ್ಡಿಯೂ ಇರೋದಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳೋದಿಲ್ಲ.

ನನಗೆ ಮೊದಲ ಸೂಚನೆ ಸಿಕ್ಕಿದ್ದು ಸುಮಾರು ಎಂಟು ತಿಂಗಳ ಹಿಂದೆ. ಗಾಡಿ ತೊಳೆಯುವಾಗ ಹಿಂದಿನ ರಿಮ್ಮಿನ ಒಳಬದಿಯಲ್ಲಿ, ಕಡ್ಡಿಗಳ ಬುಡದಿಂದ ಟಯರ್ ಕಡೆಗೆ ಚಿಮ್ಮಿದ ಹಾಗೆ ಕಪ್ಪು ಜಿಡ್ಡಿನ ಗೆರೆ ಕಾಣಿಸಿತು. ಧೂಳು ಅಂತ ಒರೆಸಿ ಸುಮ್ನಾದೆ. ಅದೇ ಸಮಯಕ್ಕೆ ಹಿಂದಿನ ಬ್ರೇಕ್ ಹಿಡಿಯೋದು ಕಡಿಮೆಯಾಗಿತ್ತು. ಗ್ಯಾರೇಜಿನಲ್ಲಿ ಬ್ರೇಕ್ ನಟ್ಟು ಎರಡು ಸುತ್ತು ಟೈಟ್ ಮಾಡಿ ಕಳಿಸಿದರು. ಎರಡೂ ಒಂದೇ ಕಾಯಿಲೆ ಅಂತ ಆಮೇಲೆ ತಿಳಿಯಿತು. ಚಕ್ರದ ಶಾಫ್ಟ್ ಹೊರಗೆ ಬರುವ ಜಾಗದ ಆಯಿಲ್ ಸೀಲ್ ಸವೆದು, ಗೇರ್ ಆಯಿಲ್ ಹನಿಹನಿಯಾಗಿ ಬ್ರೇಕ್ ಡ್ರಮ್ಮಿನೊಳಗೆ ಇಳಿಯುತ್ತಿತ್ತು. ಬ್ರೇಕ್ ಶೂ ಎಣ್ಣೆಯಲ್ಲಿ ನೆಂದಿದ್ದರೆ ಎಷ್ಟು ಟೈಟ್ ಮಾಡಿದರೂ ಹಿಡಿಯೋದಿಲ್ಲ ಅಲ್ವಾ?

ಎಂಜಿನ್ ಆಯಿಲ್ ಸ್ವಲ್ಪ ಉರಿದು ಕಡಿಮೆಯಾಗಬಹುದು. ಗೇರ್ ಆಯಿಲ್ ಉರಿಯೋದೇ ಇಲ್ಲ, ಕಡಿಮೆಯಾಗಿದೆ ಅಂದ್ರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ಆಮೇಲೆ ಸದ್ದು ಶುರುವಾಯಿತು. 30ರ ಮೇಲೆ ಹೋದರೆ ಹಿಂದಿನಿಂದ ಗುಂಯ್ ಅನ್ನೋ ಶಬ್ದ, ವೇಗ ಏರಿದ ಹಾಗೆ ಅದೂ ಏರುತ್ತಿತ್ತು. ರೇಸ್ ಬಿಟ್ಟು ಇಳಿಜಾರಿನಲ್ಲಿ ಹೋಗುವಾಗ ಸದ್ದು ಬದಲಾಗಿ, ಬೀಸೋ ಕಲ್ಲಿನ ಹಾಗೆ ಗರಗರ ಅನ್ನುತ್ತಿತ್ತು. ಟಯರ್ ಸವೆದಿದೆ ಅಂದರು, ಟಯರ್ ಹಾಕಿಸಿದೆ. ಬೆಲ್ಟ್ ಹೋಗಿದೆ ಅಂದರು, ಬೆಲ್ಟ್ ಮತ್ತು ರೋಲರ್ ಎರಡೂ ಬದಲಾಯಿಸಿದೆ. ಮೂರು ಸಾವಿರ ಚಿಲ್ಲರೆ ಖರ್ಚಾಯಿತು, ಸದ್ದು ಹಾಗೇ ಇತ್ತು.

ಆಗ ಒಂದು ಸಣ್ಣ ಪರೀಕ್ಷೆ ಗೊತ್ತಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಎಂಜಿನ್ ಆಫ್ ಇದ್ದಾಗ ಕ್ಲಚ್ ಹಿಡಿದಿರೋದಿಲ್ಲ, ಹಾಗಾಗಿ ಬೆಲ್ಟ್ ತಿರುಗೋದಿಲ್ಲ. ಆಗಲೂ ಗರಗರ ಅಂದರೆ ಅದು ಬೆಲ್ಟಿನದ್ದಲ್ಲ, ಗೇರಿನದ್ದು ಅಥವಾ ಬೇರಿಂಗಿನದ್ದು. ಬ್ರೇಕ್ ಶೂ ಉಜ್ಜಿದರೂ ಸದ್ದು ಬರುತ್ತದೆ, ಆದರೆ ಅದು ಸರ್‌ಸರ್ ಅಂತ ಒಣ ಸದ್ದು, ಬ್ರೇಕ್ ಸಡಿಲ ಮಾಡಿದರೆ ಹೋಗುತ್ತದೆ. ಹಾಗೇ ಚಕ್ರವನ್ನು ಎರಡೂ ಕಡೆ ಹಿಡಿದು ಅಡ್ಡಡ್ಡ ಅಲ್ಲಾಡಿಸಿ ನೋಡಿ. ಟಕಟಕ ಅಂತ ಆಟ ಇದ್ದರೆ ಗಾಡಿ ತೆಗೀಲೇಬೇಡಿ. ನನ್ನ ಗಾಡಿಯಲ್ಲಿ ಎರಡೂ ಇತ್ತು, ನಾನು ಯಾವತ್ತೂ ಮುಟ್ಟಿ ನೋಡಿರಲಿಲ್ಲ.

ಕೊನೆಗೆ ಮೈಸೂರಿನಿಂದ ನಂಜನಗೂಡಿಗೆ ಹೋಗುವಾಗ, ಅಮ್ಮ ಹಿಂದೆ ಕೂತಿದ್ದರು. ಹಂಪ್ ಬಂತು ಅಂತ ನಿಧಾನ ಮಾಡಿದೆ. ಕಟಕ್ ಅಂತ ಸದ್ದಾಗಿ ಹಿಂದಿನ ಚಕ್ರ ತಿರುಗೋದೇ ನಿಂತಿತು, ಟಯರ್ ರಸ್ತೆಗೆ ಉಜ್ಜಿಕೊಂಡು ಗಾಡಿ ಒಂದು ಮಾರು ಅಡ್ಡಕ್ಕೆ ಜಾರಿತು. ನಿಧಾನಕ್ಕಿದ್ದೆವು, ಹಾಗಾಗಿ ಕಾಲು ಕೊಟ್ಟು ನಿಲ್ಲಿಸಿದೆ. ಹತ್ತು ಸೆಕೆಂಡ್ ಮೊದಲು ನಾವು 50ರಲ್ಲಿ ಬರುತ್ತಿದ್ದೆವು, ಹಿಂದೆ ಲಾರಿ ಇತ್ತು. ಈಗಲೂ ನೆನೆಸಿಕೊಂಡರೆ ಕೈ ತಣ್ಣಗಾಗುತ್ತದೆ.

ಬೇರೆ ಗ್ಯಾರೇಜಿನಲ್ಲಿ ನನ್ನ ಎದುರಿಗೇ ಬಿಚ್ಚಿದರು. ಕೆಳಗಿನ ಡ್ರೈನ್ ಬೋಲ್ಟ್ ತೆಗೆದಾಗ ಬಿದ್ದದ್ದು ಎರಡು ಚಮಚದಷ್ಟು ಕಪ್ಪು ದ್ರವ. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದರೆ ಬೆಳ್ಳಿ ಬಣ್ಣ ಕಲಸಿದ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಅಷ್ಟೂ ಗೇರ್ ಹಲ್ಲಿನಿಂದ ಸವೆದ ಕಬ್ಬಿಣ. ಬೇರಿಂಗಿನ ಗುಂಡುಗಳನ್ನು ಹಿಡಿದಿಡುವ ಬಳೆ ಒಡೆದು, ಅದರ ಚೂರು ಹಲ್ಲುಗಳ ಮಧ್ಯೆ ಸಿಕ್ಕಿಕೊಂಡಿತ್ತು. ಎರಡು ಗೇರ್, ಮೂರು ಬೇರಿಂಗ್, ಸೀಲ್, ಬ್ರೇಕ್ ಶೂ, ಕೂಲಿ ಎಲ್ಲ ಸೇರಿ 6,800 ರೂಪಾಯಿ ಆಯಿತು. ಆಯಿಲ್‌ಗೆ ಅದೇ ಬಿಲ್ಲಿನಲ್ಲಿ 90 ರೂಪಾಯಿ.

ಯಾವಾಗ ಬದಲಾಯಿಸಬೇಕು? ಕಂಪನಿ ಕೊಡುವ ಪುಸ್ತಕದಲ್ಲಿ ನಿಮ್ಮ ಗಾಡಿಯ ಲೆಕ್ಕ ಇರುತ್ತದೆ, ಯಾವ ಗ್ರೇಡ್ ಮತ್ತು ಎಷ್ಟು ಮಿ.ಲೀ. ಅನ್ನೋದೂ ಅಲ್ಲೇ ಇರುತ್ತದೆ. ಕೆಲವು ಗಾಡಿಗೆ ಎಂಜಿನ್ ಆಯಿಲ್ಲನ್ನೇ ಹಾಕಬೇಕು, ಕೆಲವಕ್ಕೆ ಬೇರೆ ಗೇರ್ ಆಯಿಲ್, ಆದ್ದರಿಂದ ಅಂದಾಜಿಗೆ ಹಾಕಿಸಬೇಡಿ. ನಾನೀಗ 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲು ಬರುತ್ತೋ ಆಗ ಹಾಕಿಸುತ್ತೀನಿ. ಮಳೆಯಲ್ಲಿ ಚಕ್ರದ ಅರ್ಧ ಮುಳುಗುವಷ್ಟು ನೀರಿನಲ್ಲಿ ಓಡಿಸಿದ್ದರೆ ಮಾತ್ರ ಕಾಯಬೇಡಿ. ಪೆಟ್ಟಿಗೆಯ ಗಾಳಿ ಕೊಳವೆಯಿಂದಲೋ ಸೀಲಿನಿಂದಲೋ ನೀರು ಒಳಗೆ ಹೋಗಿದ್ದರೆ ಆಯಿಲ್ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿರುತ್ತದೆ. ಆ ಆಯಿಲ್ ಬೇರಿಂಗನ್ನು ತುಕ್ಕು ಹಿಡಿಸುತ್ತದೆ.

ಬದಲಾಯಿಸುವಾಗ ಪಕ್ಕದಲ್ಲೇ ನಿಂತಿರಿ. ಗಾಡಿ ಐದು ನಿಮಿಷ ಓಡಿಸಿ ಬಿಸಿ ಮಾಡಿರಬೇಕು, ಡಬಲ್ ಸ್ಟ್ಯಾಂಡ್ ಮೇಲೆ ಇರಬೇಕು. ಮೊದಲು ಮೇಲಿನ, ಆಯಿಲ್ ಹಾಕುವ ಬೋಲ್ಟ್ ಬಿಚ್ಚಿಸಿ. ಅದು ತುಕ್ಕು ಹಿಡಿದು ಬರದೇ ಇದ್ದರೆ, ಕೆಳಗಿನಿಂದ ಆಯಿಲ್ ಪೂರ್ತಿ ಇಳಿಸಿದ ಮೇಲೆ ಹಾಕಲು ದಾರಿಯೇ ಇರೋದಿಲ್ಲ. ಆಮೇಲೆ ಕೆಳಗಿನ ಬೋಲ್ಟ್ ತೆಗೆದು, ಹೊಸ ವಾಷರ್ ಹಾಕಿಸಿ. ಅಲ್ಯೂಮಿನಿಯಂ ಪೆಟ್ಟಿಗೆ, ಜೋರಾಗಿ ಬಿಗಿದರೆ ಥ್ರೆಡ್ ಹೋಗುತ್ತದೆ. ಆಯಿಲ್ ಅಳೆದು ಸಿರಿಂಜಿನಲ್ಲಿ ಹಾಕಬೇಕು. ಜಾಸ್ತಿ ಹಾಕಿದರೆ ಒಳ್ಳೇದು ಅಂತ ಅಂದುಕೊಳ್ಳಬೇಡಿ, ಒತ್ತಡಕ್ಕೆ ಸೀಲ್ ಸೋರಲು ಶುರುವಾಗುತ್ತದೆ.

ಇನ್ನೊಂದು ತಪ್ಪು ನಾನೇ ನೋಡಿದ್ದೀನಿ. ಎಂಜಿನ್ ಆಯಿಲ್ ಬೋಲ್ಟ್ ಅಂದುಕೊಂಡು ಹುಡುಗ ಹಿಂದಿನ ಗೇರ್ ಬೋಲ್ಟ್ ಬಿಚ್ಚಿದ. ಮುಂದಕ್ಕೆ ಇರೋದು ಎಂಜಿನ್ನಿನದು, ಚಕ್ರಕ್ಕೆ ಹತ್ತಿರ ಇರೋದು ಗೇರಿನದು. ತಪ್ಪಿದರೆ ಗೇರ್ ಖಾಲಿ, ಎಂಜಿನ್ನಿಗೆ ಎರಡು ಪಟ್ಟು ಆಯಿಲ್.

ಹೋದ ವಾರ ತಂಗಿಯ ಸ್ಕೂಟರ್‌ದೂ ಬಿಚ್ಚಿಸಿದೆ. 120 ಇರಬೇಕಾದ ಕಡೆ ಬಂದದ್ದು 70 ಮಿ.ಲೀ. ಸದ್ದು ಇನ್ನೂ ಶುರುವಾಗಿರಲಿಲ್ಲ, ಆದರೆ ರಿಮ್ಮಿನ ಒಳಗೆ ಅದೇ ಕಪ್ಪು ಗೆರೆ ಇತ್ತು. ಸೀಲ್ ಮತ್ತು ಆಯಿಲ್ ಸೇರಿ 450 ರೂಪಾಯಿಗೆ ಮುಗಿಯಿತು.