30 ಸೆಕೆಂಡಿನ ಫರ್ನಿಚರ್ ಜಾಹೀರಾತು: ಸ್ಕ್ರಿಪ್ಟಿಗೆ ಒಪ್ಪಿಗೆ ಕೊಡುವ ಮುಂಚೆ ಗಡಿಯಾರ ಹಿಡಿದು ಓದಿಸಿ

ಫರ್ನಿಚರ್ ಅಂಗಡಿಯೊಂದರ ಜಾಹೀರಾತು ಹಾಳಾದ ಬಗೆ ಇದು. ಸ್ಕ್ರಿಪ್ಟಿನಲ್ಲಿ 9 ದೃಶ್ಯ, 92 ಪದಗಳ ವಾಯ್ಸ್ ಓವರ್. ಸೋಫಾ, ಮಂಚ, ಬೀರು, ಡೈನಿಂಗ್ ಟೇಬಲ್, ಕಂತಿನ ಸೌಲಭ್ಯ, ಕೊನೆಗೆ ಫೋನ್ ನಂಬರ್ ಕೂಡ ಮಾತಿನಲ್ಲೇ. ಕಾಗದದ ಮೇಲೆ ಅರ್ಧ ಪುಟವೂ ಇರಲಿಲ್ಲವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಶೂಟಿಂಗ್ ಮುಗಿದ ಮೇಲೆ ದನಿ ರೆಕಾರ್ಡ್ ಮಾಡಿದರೆ 44 ಸೆಕೆಂಡ್! ಎಡಿಟರ್ ಅದನ್ನು ಸುಮಾರು ಒಂದೂವರೆ ಪಟ್ಟು ಓಡಿಸಿ 30ಕ್ಕೆ ತುರುಕಿದರು. ಉಸಿರು ಬಿಡದೆ ಒದರಿದ ಹಾಗಾಯಿತು. ಅಂಗಡಿಯ ವಿಳಾಸ ಪರದೆಯ ಮೇಲೆ ಒಂದೂವರೆ ಸೆಕೆಂಡ್ ಮಿಂಚಿ ಮಾಯ.

ತಪ್ಪು ಎಡಿಟರ್‌ದಲ್ಲ, ಎಣಿಕೆಯದು. 30 ಸೆಕೆಂಡಿಗೆ 75 ಪದ ಎಂಬ ಲೆಕ್ಕ ಇಂಗ್ಲಿಷಿನದು. ಕನ್ನಡದಲ್ಲಿ 'ಮನೆಯವರೆಲ್ಲರಿಗೂ' ಅಂದರೆ ಒಂದೇ ಪದ, ಆದರೆ ಎಂಟು ಅಕ್ಷರ. ಹಾಗಾಗಿ ಪದ ಎಣಿಸಬೇಡಿ, ಗಟ್ಟಿಯಾಗಿ ಓದಿ ಸಮಯ ನೋಡಿ. ಹತ್ತು ಅಂಕಿಯ ಫೋನ್ ನಂಬರ್ ಹೇಳುವುದಕ್ಕೇ ಸುಮಾರು ಐದು ಸೆಕೆಂಡ್ ಹೋಗುತ್ತದೆ, ಕೇಳಿದವರಿಗೆ ನೆನಪೂ ಉಳಿಯುವುದಿಲ್ಲ. ಅದರ ಜಾಗ ಪರದೆ.

ಅದೇ ಅಂಗಡಿಗೆ ಒಂದೇ ವಸ್ತು, ಅಂದರೆ ಮಂಚ, ಹಿಡಿದು ಬರೆದಿದ್ದರೆ ಹೀಗಿರುತ್ತಿತ್ತು:

0–4: ಕತ್ತಲೆ ಕೋಣೆ. ಯಾರೋ ಮಗ್ಗುಲು ಬದಲಿಸುತ್ತಾರೆ. ಮಂಚದ ಕಿರುಗುಟ್ಟುವ ಸದ್ದು ಮಾತ್ರ, ಮಾತಿಲ್ಲ.

4–11: ಮಂಚದ ಮೂಲೆ ಹತ್ತಿರದಿಂದ, ಅಲುಗಾಡುವ ಜಾಯಿಂಟ್. ದನಿ: "ಮರ ಗಟ್ಟಿಯಿದ್ದರೂ ಜಾಯಿಂಟ್ ಸಡಿಲವಾದರೆ ಮಂಚ ಕಿರುಗುಟ್ಟುತ್ತೆ."

11–19: ಬಡಗಿಯ ಕೈ, ಸ್ಪ್ಯಾನರ್. ದನಿ: "ನಮ್ಮಲ್ಲಿ ನಾಲ್ಕೂ ಮೂಲೆಗೆ ಬೋಲ್ಟ್ ಹಾಕಿ ಬಿಗಿಸ್ತೀವಿ. ಮನೆಗೆ ತಂದು ಜೋಡಿಸಿಯೂ ಕೊಡ್ತೀವಿ."

19–25: ಹೊಸ ಮಂಚದ ಮೇಲೆ ಮಗು ಉರುಳಾಡುತ್ತದೆ. ಮಂಚದ ಸದ್ದಿಲ್ಲ.

25–30: ಅಂಗಡಿ ಹೆಸರು, ಹತ್ತಿರದ ಗುರುತು, ಫೋನ್ ನಂಬರ್, ಅಲುಗದೆ ನಿಂತ ಪರದೆ. ದನಿಯಲ್ಲಿ ಹೆಸರು ಮತ್ತು ಗುರುತು ಅಷ್ಟೇ.

ಮಾತು ಒಟ್ಟು 15 ಸೆಕೆಂಡ್ ದಾಟುವುದಿಲ್ಲ. ಆ ಬಿಡುವು ವ್ಯರ್ಥವಲ್ಲ: ಮೊದಲಿನ ಸದ್ದು, ಆಮೇಲಿನ ಮೌನ, ಎರಡೂ ಸೇರಿಯೇ ಸರಕು ಮಾರುತ್ತವೆ. ಹಿನ್ನೆಲೆ ಸಂಗೀತ ತುಂಬಿಸಿದರೆ ಈ ಉಪಾಯ ಸತ್ತಂತೆ. ಫೋನಿನಲ್ಲಿ ಸದ್ದು ಬಂದ್ ಮಾಡಿಕೊಂಡು ನೋಡುವವರು ಬಹಳ, ಹಾಗಾಗಿ 'ಕಿರ್ ಕಿರ್' ಎಂಬುದನ್ನೂ ಮಾತನ್ನೂ ಅಕ್ಷರದಲ್ಲಿ ಹಾಕಿಸಿ.

ಶೂಟಿಂಗಿಗೆ ಮೊದಲೇ ವಾಯ್ಸ್ ಓವರನ್ನು ಫೋನಿನಲ್ಲಿ ಒಮ್ಮೆ ಓದಿ ರೆಕಾರ್ಡ್ ಮಾಡಿ, ದೃಶ್ಯಗಳ ಸಮಯಕ್ಕೆ ಹೊಂದಿಸಿ ನೋಡಿ. ಹೆಚ್ಚಾದರೆ ವಾಕ್ಯ ಕಿತ್ತುಹಾಕಿ, ವೇಗ ಮುಟ್ಟಬೇಡಿ. 'ಈ ತಿಂಗಳ ಕೊನೆಯವರೆಗೆ ರಿಯಾಯಿತಿ' ಎಂಬಂಥದ್ದನ್ನು ದನಿಯಲ್ಲಿ ಹೇಳಿಸಿದರೆ ತಿಂಗಳು ಕಳೆದ ಮೇಲೆ ಇಡೀ ಜಾಹೀರಾತು ಕಸಕ್ಕೆ. ಕೊನೆಯ ಪರದೆಯಲ್ಲಿ ಬರೆಸಿದರೆ ಅದೊಂದನ್ನೇ ಬದಲಿಸಿಕೊಳ್ಳಬಹುದು, ಆದರೆ ಅಕ್ಷರ, ದನಿ, ಚಿತ್ರಗಳ ಫೈಲುಗಳನ್ನು ಬೇರೆಬೇರೆಯಾಗಿ ಕೇಳಿ ಪಡೆದಿರಬೇಕು.